ಏಣಿಯ ಯಾವ ಮೆಟ್ಟಿಲಲ್ಲಿ ಯಾವ ಮಗು?

ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ಹಾಗಾಗಿ ಹೆರಿಗೆ ರಜೆಗೆ ಹೊರಟ ಶಿಕ್ಷಕಿ "ಇಂಥ ಪಾಠದವರೆಗೆ ಮುಗಿದಿದೆ" ಎಂದು ಬರೆದಿಟ್ಟರೆ ಅತಿಥಿ ಶಿಕ್ಷಕಿಗೆ ಏನೂ ತಿಳಿಯದು.

ಟಿಪ್ಪಣಿ ಮಗುವಿನ ಹೆಸರಿನಿಂದಲೇ ಶುರುವಾಗಬೇಕು. ಯಾವ ಮೈಲಿಗಲ್ಲು, ಯಾವ ಕಾರ್ಡು ಎಂಬುದು ಪ್ರಗತಿ ನೋಟದಲ್ಲಿ ಸಿಗುತ್ತದೆ. ಅದರ ಹಿಂದಿನ ಕಥೆ ಸಿಗುವುದಿಲ್ಲ. ಒಬ್ಬ ಹುಡುಗಿ ಚಿತ್ರ ನೋಡಿ ಪದ ಹೇಳಿಬಿಡುತ್ತಾಳೆ, ಚಿತ್ರ ಮುಚ್ಚಿದರೆ 'ಪ', 'ವ' ಎರಡಕ್ಕೂ ತಡವರಿಸುತ್ತಾಳೆ ಎನ್ನಿ. "ಇವಳು ಇನ್ನೂ ಶಿಕ್ಷಕರ ನೆರವಿನ ತಟ್ಟೆಯಲ್ಲೇ ಕೂರಲಿ" ಎಂಬ ಒಂದು ಸಾಲು ಇಲ್ಲದಿದ್ದರೆ ಅವಳು ಮುಂದಿನ ಕಾರ್ಡಿಗೆ ಜಾರಿಬಿಡುತ್ತಾಳೆ.

ಬಾಕಿ ಕೆಲಸಕ್ಕೆ ಎರಡು ಸಾಲು ಸಾಕು: ಯಾರ ದಾಖಲೆ ಬರಬೇಕು, ಯಾವ ನಮೂದು ಉಳಿದಿದೆ.

ಹೆರಿಗೆ ದಿನಾಂಕಕ್ಕೆ ಕಾಯುವುದಿಲ್ಲ. ಟಿಪ್ಪಣಿ ಮೊದಲೇ ಬರೆದು, ಮುಖ್ಯ ಶಿಕ್ಷಕರಿಗೂ ಒಂದು ಪ್ರತಿ ಕೊಟ್ಟಿಡಬೇಕು.