ಒಂದೂವರೆ ಮೀಟರ್ ಮಣ್ಣು, ಅದರೊಳಗಿನ ನೀರು

ಮುಂಬ್ರಾದಿಂದ ಬೇಲಾಪುರದ ಕಡೆಗೆ ಹಬ್ಬಿರುವ ಪಾರ್ಸಿಕ್ ಬೆಟ್ಟಸಾಲಿನ ಎರಡೂ ಮಗ್ಗುಲಲ್ಲಿ ಊರು ಬೆಳೆದು ಬುಡ ಮುಟ್ಟಿದೆ. ನಾನು ಇಳಿದು ನೋಡಿದ್ದು ಅಂಥ ಒಂದು ಮಗ್ಗುಲು. ಕೆಳಗೆ ಜನ ವಾಸವಾಗಿರುವುದರಿಂದ ಜಾಗದ ಹೆಸರು ಬರೆಯುವುದಿಲ್ಲ. ಜುಲೈ ತಿಂಗಳು, ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ. ಜೊತೆಗಿದ್ದವರು ಮಣ್ಣು ಪರೀಕ್ಷೆಯ ಕೆಲಸದಲ್ಲೇ ನೌಕರಿ ಮುಗಿಸಿ ಡೊಂಬಿವಲಿಯಲ್ಲಿ ನೆಲೆಸಿರುವ, ಧಾರವಾಡ ಕಡೆಯ ಒಬ್ಬ ಹಿರಿಯರು. ಮೇಲಿನಿಂದ ಕೆಳಕ್ಕೆ ಇಳಿಯೋಣ, ನೀರು ಹೋಗುವ ದಾರಿಯೂ ಅದೇ ಎಂದರು.

ನೆತ್ತಿಯ ಹತ್ತಿರ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅದನ್ನು ಸರಿಸಿದರೆ ಇಳಿಜಾರಿಗೆ ಅಡ್ಡಲಾಗಿ ಓಡುವ ಒಂದು ಬಿರುಕು, ಬೆರಳು ತೂರುವಷ್ಟು ಅಗಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿಟ್ಟದ್ದೋ, ಇಡೀ ಪದರ ಕೆಳಗೆ ಜಗ್ಗಿದ್ದರಿಂದ ಆದದ್ದೋ ನನಗೆ ಹೇಳಲಾಗಲಿಲ್ಲ. ಹಿರಿಯರು ಬಿರುಕಿನ ಎರಡೂ ಅಂಚಿಗೆ ಅಂಗೈ ಒತ್ತಿ ನೋಡಿದರು. ಕೆಳಗಿನ ಅಂಚು ಮೇಲಿನದಕ್ಕಿಂತ ತಗ್ಗಿದ್ದರೆ ಜಗ್ಗಿದ ಗುರುತು. ಇಲ್ಲಿ ಎರಡೂ ಮಟ್ಟವಾಗಿಯೇ ಇದ್ದಂತಿತ್ತು. ಆದರೂ ಮಳೆನೀರು ಒಳಗಿಳಿಯಲು ಬಿರುಕಿನಷ್ಟು ಸಲೀಸಾದ ಬಾಗಿಲು ಬೇರೆ ಬೇಕಿಲ್ಲ.

ಇನ್ನಷ್ಟು ಇಳಿದಾಗ ಹಳೆಯ ಜರಿತದ ಗಾಯ ಸಿಕ್ಕಿತು. ಹುಲ್ಲು ಕಿತ್ತುಹೋಗಿ ಮಣ್ಣಿನ ಒಳಮೈ ತೆರೆದುಕೊಂಡಿತ್ತು. ಮೇಲೆ ಕೆಂಗಂದು ಮಣ್ಣು, ಅದರಡಿ ಕೈಯಲ್ಲಿ ಪುಡಿಯಾಗುವ ಮುರುಮ, ಅದರ ನಡುವೆ ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತಿದ್ದ ದುಂಡು ಕಲ್ಲುಗಳು, ತಳದಲ್ಲಿ ಕಪ್ಪು ಬಸಾಲ್ಟ್ ಬಂಡೆ. ಈ ಮಣ್ಣು ಹೊಳೆ ತಂದು ಹಾಕಿದ್ದಲ್ಲ, ಬಂಡೆಯೇ ನಿಂತಲ್ಲೇ ಕರಗಿ ಆದದ್ದು. ಇದರ ದಪ್ಪ ಈ ಇಳಿಜಾರಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಒಂದೂವರೆ ಮೀಟರ್.

"ಇಲ್ಲಿ ಕೈ ಇಟ್ಟ ನೋಡ್ರಿ" ಎಂದು ಅವರು ಮುರುಮ ಮತ್ತು ಬಂಡೆ ಕೂಡುವ ಗೆರೆ ತೋರಿಸಿದರು. ಮೇಲಿನ ಮಣ್ಣು ಬರೀ ಒದ್ದೆ, ಆ ಗೆರೆಯಲ್ಲಿ ಮಾತ್ರ ನೀರು ಜಿನುಗುತ್ತಿತ್ತು. ಮಣ್ಣಿನೊಳಗೆ ಇಳಿದ ನೀರನ್ನು ಬಂಡೆ ಅಷ್ಟು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಅದರ ಬೆನ್ನ ಮೇಲೆ ನಿಂತು, ಇಳಿಜಾರಿಗೆ ಸಮಾನಾಂತರವಾಗಿ ಕೆಳಗೆ ಹರಿಯತೊಡಗುತ್ತದೆ.

ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಮಣ್ಣಿನ ಪದರ ತೆಳುವಾಗಿ, ಇಳಿಜಾರು ಉದ್ದವಾಗಿದ್ದರೆ, ಇಳಿಜಾರಿಗೆ ಕೊನೆಯೇ ಇಲ್ಲವೆಂದುಕೊಂಡು ನಡುವಿನ ಒಂದು ತುಂಡನ್ನು ಮಾತ್ರ ನೋಡಿದರೆ ಸಾಕು. ಬೆಳಗಿನ ಕಲ್ಯಾಣ ಲೋಕಲ್‌ನಲ್ಲಿ ಸಿಕ್ಕಿಕೊಂಡವನನ್ನು ಎರಡೂ ಬದಿಯ ಹೆಗಲುಗಳು ಒಂದೇ ಸಮ ಒತ್ತುವಂತೆ, ಆ ತುಂಡಿನ ಮೇಲ್ಬದಿಯ ಒತ್ತು ಮತ್ತು ಕೆಳಬದಿಯ ಒತ್ತು ಒಂದನ್ನೊಂದು ಕಳೆಯುತ್ತವೆ. ಉಳಿಯುವುದು ಮೂರೇ: ಮಣ್ಣಿನ ತೂಕ, ತಳದ ಹಿಡಿತ, ನೀರಿನ ಒತ್ತಡ.

FS = [c′ + (γ − m·γw)·z·cos²β·tanφ′] / (γ·z·sinβ·cosβ)

ಮೇಲಿರುವುದು ಹಿಡಿಯುವ ಬಲ, ಕೆಳಗಿರುವುದು ಜಾರಿಸುವ ಬಲ. ಭಾಗಲಬ್ಧವೇ ಭದ್ರತೆ, FS; ಅದು 1ಕ್ಕಿಂತ ಇಳಿದರೆ ಮಣ್ಣು ನಿಲ್ಲದು. ಹಿರಿಯರು ಅಲ್ಲೇ ಕಲ್ಲಿನ ಮೇಲೆ ಕೂತು ಅಂಕಿ ಹಾಕಿದರು. ಇಳಿಜಾರಿನ ಕೋನ β 30 ಡಿಗ್ರಿ, ಘರ್ಷಣೆಯ ಕೋನ φ′ ಕೂಡ 30, ದಪ್ಪ z 1.5 ಮೀಟರ್, ಮಣ್ಣಿನ ತೂಕ γ ಘನ ಮೀಟರಿಗೆ 19 ಕಿಲೋನ್ಯೂಟನ್, ಅಂಟು c′ 4 ಕಿಲೋಪಾಸ್ಕಲ್. γw ನೀರಿನ ತೂಕ; m ಎಂದರೆ ಮಣ್ಣಿನ ದಪ್ಪದಲ್ಲಿ ಎಷ್ಟು ಪಾಲು ನೀರು ನಿಂತಿದೆ ಎಂಬುದು. ಇಳಿಜಾರಿನ ಕೋನ ಮತ್ತು ದಪ್ಪ ಅಲ್ಲೇ ಅಳೆದದ್ದು; ಉಳಿದವು ಇಂಥ ಮಣ್ಣಿಗೆ ಅವರು ಇಟ್ಟುಕೊಂಡ ಅಂದಾಜು.

ಜಾರಿಸುವ ಬಲ ಚದರ ಮೀಟರಿಗೆ 12.3 ಕಿಲೋನ್ಯೂಟನ್ ಬಂತು. ನೀರಿಲ್ಲದಾಗ ಹಿಡಿಯುವ ಬಲ 16.3, ಅಂದರೆ ಭದ್ರತೆ 1.32. ಪದರ ಪೂರ್ತಿ ತುಂಬಿ ಹರಿದಾಗ ಹಿಡಿಯುವ ಬಲ 10ಕ್ಕೆ ಇಳಿದು ಭದ್ರತೆ 0.81. ಜಾರಿಸುವ ಬಲ ಇದ್ದಷ್ಟೇ ಇದೆ. ನೀರು ಮಣ್ಣನ್ನು ತಳದಿಂದ ಎತ್ತಿ ಹಿಡಿದು ಘರ್ಷಣೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿಬಿಟ್ಟಿದೆ. ಭದ್ರತೆ ಸರಿಯಾಗಿ 1ಕ್ಕೆ ಬಂದು ನಿಲ್ಲುವುದು ಬಂಡೆಯ ಮೇಲೆ 94 ಸೆಂಟಿಮೀಟರ್ ನೀರು ನಿಂತಾಗ.

ಆಮೇಲೆ ಅವರು c′ ಅನ್ನು 4ರ ಬದಲು 2 ಎಂದು ತಿದ್ದಿದರು. 94 ಸೆಂಟಿಮೀಟರ್ ಇದ್ದದ್ದು 47 ಆಯಿತು. ನನ್ನನ್ನು ಕಾಡಿದ್ದು ಇದು. ಪ್ರಯೋಗಾಲಯದಲ್ಲಿ 2ಕ್ಕೂ 4ಕ್ಕೂ ನಡುವಿನ ವ್ಯತ್ಯಾಸ ಒಂದು ಮಾದರಿಯಿಂದ ಇನ್ನೊಂದಕ್ಕೆ ಬರುವ ಏರುಪೇರಿನೊಳಗೇ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ತೆಗೆದ ಅರೆಒಣ ಮಣ್ಣು ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಆ ಗಟ್ಟಿತನ ಮಳೆಯಲ್ಲಿ ಉಳಿಯುವುದಿಲ್ಲ. ಹೀಗಾಗಿ ಅವರಿಗೆ ಪರೀಕ್ಷೆಯ ವರದಿಗಿಂತ ಎದುರಿಗಿದ್ದ ಹಳೆಯ ಗಾಯದ ಮೇಲೆ ಹೆಚ್ಚು ನಂಬಿಕೆ. ಜರಿದ ಗಳಿಗೆಯಲ್ಲಿ ಭದ್ರತೆ 1 ಆಗಿತ್ತೆಂಬುದು ಖಚಿತ. ಆಗ ನೀರು ನೆಲಮಟ್ಟದವರೆಗೆ ತುಂಬಿತ್ತು ಎಂದು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ c′ 6.4 ಬರುತ್ತದೆ. ನೀರು ಅದಕ್ಕಿಂತ ಕಡಿಮೆ ಇದ್ದಿದ್ದರೆ c′ ಕೂಡ ಕಡಿಮೆ. ಘರ್ಷಣೆಯ ಕೋನ ಸರಿಯಿದ್ದರೆ, ಈ ಮಣ್ಣಿನ ಅಂಟು 6.4ನ್ನು ಮೀರುವುದಿಲ್ಲ ಎಂದು ಗಾಯವೇ ಹೇಳುತ್ತದೆ.

ಸ್ವಲ್ಪ ಕೆಳಗೆ ಯಾರೋ ಹಿಂದೆ ಹುಗಿದಿದ್ದ ಒಂದು ಪಿವಿಸಿ ಕೊಳವೆ ಇತ್ತು. ತಳದಲ್ಲಿ ಮಾತ್ರ ತೂತು, ಆಳ ಬಂಡೆಯವರೆಗೆ. ನಾವು ದಾರ ಇಳಿಬಿಟ್ಟಾಗ ನೀರು ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗೆ ಸಿಕ್ಕಿತು. ಇಂಥ ಕೊಳವೆ ಓದುವಾಗ ಜನ ಸುಲಭವಾಗಿ ಮೋಸ ಹೋಗುತ್ತಾರೆ. ಇಳಿಜಾರಿಗೆ ಸಮಾನಾಂತರವಾಗಿ ಹರಿಯುವ ನೀರು ತಳದಲ್ಲಿ ತನ್ನ ಪೂರ್ತಿ ಎತ್ತರದ ಒತ್ತಡ ತೋರುವುದಿಲ್ಲ. ಅದರ cos²β ಪಾಲು, 30 ಡಿಗ್ರಿಯಲ್ಲಿ ಮುಕ್ಕಾಲು ಪಾಲು ಮಾತ್ರ. ಮಣ್ಣು ನೆಲಮಟ್ಟದವರೆಗೆ ತುಂಬಿದ್ದರೂ ಕೊಳವೆಯಲ್ಲಿ ನೀರು 37.5 ಸೆಂಟಿಮೀಟರ್ ಕೆಳಗೇ ನಿಲ್ಲುತ್ತದೆ. ಇನ್ನೂ ಜಾಗ ಉಳಿದಿದೆ ಎಂದು ನೋಡಿದವರು ನೆಮ್ಮದಿಯಿಂದ ಹೋಗಿಬಿಡುತ್ತಾರೆ. ಮೊದಲ ಲೆಕ್ಕದ 94 ಸೆಂಟಿಮೀಟರ್ ಕೊಳವೆಯಲ್ಲಿ ಕಾಣುವುದು ತಳದಿಂದ ಬರೀ 71 ಆಗಿ, ಅಂದರೆ ನೆಲದಿಂದ 79 ಸೆಂಟಿಮೀಟರ್ ಕೆಳಗೆ. ನಾವು ಅಳೆದ ಒಂದು ಮೀಟರಿಗೂ ಅದಕ್ಕೂ ನಡುವೆ ಒಂದು ಗೇಣು ಅಂತರ. ಅದೂ ಮಳೆ ಬಿಡುವು ಕೊಟ್ಟ ದಿನ.

ಬುಡಕ್ಕೆ ಬಂದೆವು. ಮನೆಗಳಿಗೆ ಜಾಗ ಮಾಡಲು ಇಳಿಜಾರನ್ನು ಆಳೆತ್ತರಕ್ಕಿಂತ ಹೆಚ್ಚು ನೆಟ್ಟಗೆ ಕಡಿದು, ಮುಂದೆ ಕಲ್ಲಿನ ಗೋಡೆ ಕಟ್ಟಿದ್ದರು. ಮೇಲೆ ಹಾಕಿದ ಲೆಕ್ಕ ಈ ಜಾಗದಲ್ಲಿ ನಡೆಯುವುದಿಲ್ಲ. ಕೊನೆಯಿಲ್ಲದ ಇಳಿಜಾರು ಇಲ್ಲಿ ಕೊನೆಯಾಗಿದೆ, ಕೆಳಗಿನಿಂದ ಒತ್ತು ಕೊಡಲು ಮಣ್ಣೇ ಇಲ್ಲ. ನೀರಿನ ದಾರಿಯೂ ಬದಲಾಗುತ್ತದೆ. ಕಡಿದ ಮುಖದತ್ತ ಅದು ಅಡ್ಡಕ್ಕೆ ತಿರುಗಿ ಹೊರಬರುತ್ತದೆ. ಅಡ್ಡಕ್ಕೆ ಹರಿಯುವಾಗ ತಳದ ಒತ್ತಡಕ್ಕೆ ಆ ಕಾಲು ಪಾಲಿನ ರಿಯಾಯಿತಿ ಇಲ್ಲ. ಅದೇ ಅಂಕಿಗಳಲ್ಲಿ ಅದೊಂದನ್ನೇ ಬದಲಿಸಿದರೆ 0.81 ಇದ್ದದ್ದು 0.64 ಆಗುತ್ತದೆ. ಜರಿತ ಹಲವು ಸಲ ಬುಡದ ಕಡಿತದಲ್ಲಿ ಶುರುವಾಗಿ ಒಂದೊಂದೇ ತುಂಡಾಗಿ ಮೇಲಕ್ಕೆ ಹತ್ತುವುದು ಇದಕ್ಕೇ ಇರಬೇಕು. 2018ರ ಆಗಸ್ಟ್‌ನಲ್ಲಿ ಕೊಡಗು ಜರಿದ ಮೇಲೆ ರಸ್ತೆಗೆ, ಮನೆಗೆ ಕಡಿದ ಬುಡಗಳ ಮಾತು ಅಷ್ಟೊಂದು ಬಂದದ್ದು ನೆನಪಾಯಿತು. ಅಲ್ಲಿನ ಕಲ್ಲು ಬೇರೆ, ಕಡಿಯುವ ರೀತಿ ಬೇರೆಯಲ್ಲ.

ಗೋಡೆಯಲ್ಲಿ ನೀರು ಹೋಗಲು ಎರಡು ಸಾಲು ತೂತು ಬಿಟ್ಟಿದ್ದರು. ಮೇಲಿನ ಸಾಲು ಒಣಗಿತ್ತು. ಕೆಳಗಿನದರಲ್ಲಿ ಬಹುಪಾಲು ತೂತುಗಳಿಗೆ ಮಣ್ಣು ಮೆತ್ತಿ ಹುಲ್ಲು ಹುಟ್ಟಿತ್ತು, ಎರಡು ಮೂರರಲ್ಲಿ ಮಾತ್ರ ತಿಳಿನೀರು ಬರುತ್ತಿತ್ತು. ತಿಳಿಯಾಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ, ಕೆಂಪಾದರೆ ಒಳಗಿನ ಮಣ್ಣು ತೊಳೆದು ಬರುತ್ತಿದೆ ಎಂದರ್ಥ. ಬರುತ್ತಿದ್ದ ನೀರು ಮಳೆಯ ನಡುವೆ ತಟ್ಟನೆ ನಿಂತರೆ ಅದು ಇನ್ನೂ ಕೆಟ್ಟದ್ದು ಎಂದು ಹಿರಿಯರು ಅಲ್ಲಿನ ಹೆಂಗಸೊಬ್ಬರಿಗೆ ಮರಾಠಿಯಲ್ಲಿ ಹೇಳಿದರು. ಮುಚ್ಚಿದ ತೂತುಗಳನ್ನು ಸರಳು ಹಾಕಿ ಬಿಡಿಸಬಹುದೇ ಎಂದು ಆಕೆ ಕೇಳಿದರು. ಬಿಡಿಸಿ, ಆದರೆ ಮಳೆ ಸುರಿಯುವಾಗ ಗೋಡೆಯ ಹತ್ತಿರ ನಿಲ್ಲಬೇಡಿ ಎಂದರು ಇವರು.