ಟೇಪು ಕತ್ತರಿಸಿದ ಮೇಲಿನ ಲೆಕ್ಕ

ನಾನು ನೋಡಿದ ಒಂದು ಹಿರಿಯ ಪ್ರಾಥಮಿಕ ಶಾಲೆಯ ಬೀರುವಿನಲ್ಲಿ ಪ್ರೊಜೆಕ್ಟರ್ ಒಂದು ಬಟ್ಟೆ ಸುತ್ತಿಕೊಂಡು ಮಲಗಿದೆ. ದಾನಿಗಳ ಹೆಸರಿನ ಸ್ಟಿಕ್ಕರ್ ಇನ್ನೂ ಮಾಸಿಲ್ಲ. ಕೆಟ್ಟಿರುವುದು ಒಳಗಿನ ದೀಪ ಮಾತ್ರ. ಹೊಸದಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಬೇಕು, ಆ ಹತ್ತು ಸಾವಿರಕ್ಕೆ ಶಾಲೆಯ ಯಾವ ಲೆಕ್ಕದ ಪುಸ್ತಕದಲ್ಲೂ ಜಾಗವಿಲ್ಲ.

ಹಾಗಾಗಬಾರದು ಅಂದರೆ ಬಜೆಟ್ಟನ್ನು ಐದು ವರ್ಷಕ್ಕೆ ಹಾಕಬೇಕು. ಒಂದು ಸರ್ಕಾರಿ ಕನ್ನಡ ಮಾಧ್ಯಮ ಶಾಲೆ, ಅದರಲ್ಲಿ ಒಂದೇ ಕೋಣೆ, ದಿನಕ್ಕೆ ಮೂರು ಗಂಟೆ ಬಳಕೆ ಎಂದಿಟ್ಟುಕೊಳ್ಳಿ. ದರಗಳೆಲ್ಲ ಅಂದಾಜು, ನಿಮ್ಮ ಊರಿನ ಕೊಟೇಶನ್ ತರಿಸಿಯೇ ನೋಡಿ. ಪ್ರೊಜೆಕ್ಟರ್ 60 ಸಾವಿರ, ಲ್ಯಾಪ್‌ಟಾಪ್ 45 ಸಾವಿರ, ಇನ್ವರ್ಟರ್ ಮತ್ತು ಬ್ಯಾಟರಿ 22 ಸಾವಿರ. ಪರದೆ, ಸ್ಪೀಕರ್, ವೈರಿಂಗ್, ಅರ್ಥಿಂಗ್, ಕಿಟಕಿಗೆ ದಪ್ಪ ಕರ್ಟನ್, ಬೀಗ ಹಾಕುವ ಕಪಾಟು ಸೇರಿ 33 ಸಾವಿರ. ಒಟ್ಟು 1.6 ಲಕ್ಷ. ಸಾಮಾನ್ಯವಾಗಿ ಸಭೆ ಇಲ್ಲಿಗೆ ಮುಗಿದು ಚಹಾ ಬರುತ್ತದೆ.

ಕರೆಂಟಿನಿಂದ ಶುರು ಮಾಡೋಣ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ ಸುಮಾರು 400 ವಾಟ್. ವರ್ಷಕ್ಕೆ 220 ದಿನ ಪಾಠವಾದರೆ 264 ಯೂನಿಟ್. 2023ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಿಸಿರುವುದರಿಂದ ಇದನ್ನು ಲೆಕ್ಕದಿಂದ ಬಿಡಬಹುದು. ಖಾಸಗಿ ಶಾಲೆಗೂ ಇದು ವರ್ಷಕ್ಕೆ ಎರಡು ಸಾವಿರದ ಆಸುಪಾಸಿನ ಮಾತು. ಹೆದರಬೇಕಾದ್ದು ಬಿಲ್ಲಿಗಲ್ಲ, ಪಾಠದ ನಡುವೆ ಕರೆಂಟ್ ಹೋಗುವುದಕ್ಕೆ. ಪ್ರೊಜೆಕ್ಟರಿನ ದೀಪ ಕೆಂಡದಂತೆ ಕಾದಿರುತ್ತದೆ. ಆರಿಸಿದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ಅದನ್ನು ತಣಿಸಬೇಕು. ದಿಢೀರನೆ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಹೀಗೆ ಪದೇ ಪದೇ ಆದರೆ ದೀಪದ ಆಯುಷ್ಯ ಕುಸಿಯುತ್ತದೆ. ಇನ್ವರ್ಟರ್ ಬೇಕಾಗಿರುವುದು ಮುಖ್ಯವಾಗಿ ಇದಕ್ಕೆ. ಅದರ ಹಿಂಬದಿಯಲ್ಲಿ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದನ್ನೇ ಹಾಕಿಸಿ. ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಪ್ರೊಜೆಕ್ಟರ್ ಆರಬಹುದು. 150 ಆಂಪಿಯರ್-ಅವರ್ ಬ್ಯಾಟರಿ ಈ ಭಾರವನ್ನು ಎರಡು ಗಂಟೆ ಹೊರುತ್ತದೆ, ಅದಕ್ಕಿಂತ ಹೆಚ್ಚು ನಂಬಬೇಡಿ. ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಬಂದರೂ ಐದು ವರ್ಷದಲ್ಲಿ ಒಮ್ಮೆ ಬದಲಿಸಬೇಕಾಗುತ್ತದೆ: 14 ಸಾವಿರ.

ದೀಪ ಮೇಲಿನ ಬಳಕೆಯಲ್ಲಿ ವರ್ಷಕ್ಕೆ 660 ಗಂಟೆ ಉರಿಯುತ್ತದೆ. ನಾಲ್ಕೈದು ಸಾವಿರ ಗಂಟೆ ಬಾಳಿಕೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಬೆಳಕು ಅದಕ್ಕೆ ಮೊದಲೇ ಮಂಕಾಗುತ್ತಾ ಬರುತ್ತದೆ, ಆದ್ದರಿಂದ ಒಂದು ದೀಪದ ದುಡ್ಡು ಎತ್ತಿಡಿ. ಚಿತ್ರ ಮಂಕಾದರೆ ಮೊದಲು ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆ ಎಂದು ನೋಡಿ. ಇಪ್ಪತ್ತು ನಿಮಿಷ ಓಡಿ ತಾನಾಗಿ ಆರಿ, ಬಿಸಿಯ ಸೂಚನೆಯ ದೀಪ ಮಿಣುಕಿದರೆ ಹೆಚ್ಚಾಗಿ ತಪ್ಪು ದೀಪದ್ದಲ್ಲ, ಫಿಲ್ಟರಿಗೆ ಚಾಕ್‌ಪೀಸ್ ಪುಡಿ ಮೆತ್ತಿಕೊಂಡಿದೆ. ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ಷಿನಲ್ಲಿ ಕೊಡವಿದರೆ ಸಾಕು, ಖರ್ಚಿಲ್ಲ.

ರಿಪೇರಿಗೆ ಎರಡನೇ ವರ್ಷದಿಂದ ವರ್ಷಕ್ಕೆ 8 ಸಾವಿರ, ಒಟ್ಟು 32 ಸಾವಿರ. ಎಎಂಸಿಗೆ ಸಹಿ ಹಾಕುವ ಮುನ್ನ ಕೊನೆಯ ಸಣ್ಣಕ್ಷರ ಓದಿ. ದೀಪ, ಬ್ಯಾಟರಿ, ಕೇಬಲ್ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ, ಕೈಕೊಡುವುದು ಮಾತ್ರ ಅವೇ.

ಇನ್ನು ಪಾಠದ ಸಾಮಗ್ರಿ. ವರ್ಷಕ್ಕೆ 12 ಸಾವಿರದ ಚಂದಾ ಐದು ವರ್ಷಕ್ಕೆ 60 ಸಾವಿರ. ಹಣ ಕೊಡುವ ಮೊದಲು ಏಳನೇ ತರಗತಿ ವಿಜ್ಞಾನದ ಯಾವುದಾದರೂ ಒಂದು ಪಾಠವನ್ನು ನಮ್ಮ ಪಠ್ಯಪುಸ್ತಕದ ಕನ್ನಡದಲ್ಲೇ ತೋರಿಸಿ ಎನ್ನಿ. ಇಂಗ್ಲಿಷ್ ಪಾಠಕ್ಕೆ ಕನ್ನಡದ ಧ್ವನಿ ಅಂಟಿಸಿದ್ದರೆ ಮೇಷ್ಟ್ರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಪರವಾನಗಿ ಶಾಲೆಯದೋ, ಒಂದು ಲ್ಯಾಪ್‌ಟಾಪಿನದೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ನನ್ನ ಕೇಳಿದರೆ ಮೊದಲ ವರ್ಷ ಚಂದಾವೇ ಬೇಡ. 2017ರಲ್ಲಿ ಆರಂಭವಾದ ಕೇಂದ್ರದ ದೀಕ್ಷಾ ವೇದಿಕೆಯಲ್ಲಿ ಉಚಿತ ಸಾಮಗ್ರಿ ಇದೆ. ಬೇಕಾದ್ದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ದಿನವೂ ತರಗತಿ ನಡೆಯುತ್ತದೆ. ಇಂಟರ್ನೆಟ್ಟಿಗೆ ಹೇಗೂ ತಿಂಗಳಿಗೆ 500ರಂತೆ 30 ಸಾವಿರ ಬರೆದುಕೊಳ್ಳಿ.

ತರಬೇತಿ ಎಂದರೆ ಕಂಪನಿಯವರು ಬಂದು ಗುಂಡಿಗಳನ್ನು ತೋರಿಸಿ ಹೋಗುವುದಲ್ಲ. ಕಲಿತ ಒಬ್ಬ ಮೇಷ್ಟ್ರಿಗೆ ವರ್ಗವಾದರೆ ಕೋಣೆಗೆ ಬೀಗ ಬೀಳುತ್ತದೆ. ಕನಿಷ್ಠ ಇಬ್ಬರಿಗೆ ಪೂರ್ತಿ ಬರಬೇಕು, ಉಳಿದವರು ತಮ್ಮದೇ ಪಾಠ ಹಿಡಿದುಕೊಂಡು ಅವರ ಮುಂದೆ ಕೂರಬೇಕು. ಮೊದಲ ವರ್ಷ 8 ಸಾವಿರ, ಆಮೇಲೆ ವರ್ಷಕ್ಕೆ 4 ಸಾವಿರ ಎಂದರೆ 24 ಸಾವಿರ.

ಕೂಡಿ ನೋಡಿ: ಕೊಳ್ಳಲು 1.6 ಲಕ್ಷ, ನಡೆಸಲು 1.7 ಲಕ್ಷ. ಚಂದಾ ಬಿಟ್ಟರೂ ನಡೆಸುವ ಖರ್ಚು 1.1 ಲಕ್ಷ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ದಾನಿಗಳು ಎಷ್ಟು ಬೇಕು ಎಂದು ಕೇಳಿದಾಗ ಎರಡನ್ನೂ ಕೂಡಿಸಿಯೇ ಹೇಳಿ. ಅಷ್ಟಾಗದು ಎಂದರೆ ಅಗ್ಗದ ಪ್ರೊಜೆಕ್ಟರ್ ತಂದು, ಉಳಿದ ಹಣವನ್ನು ದೀಪ ಮತ್ತು ಬ್ಯಾಟರಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿ.