ಉದ್ರಿಯ ಲೆಕ್ಕ

ಮೈಸೂರು ನಗರದ ಪಶ್ಚಿಮದ ಅಂಚಿನಲ್ಲಿರುವ ದಟ್ಟಗಳ್ಳಿಯು ಹಿಂದೆ ಒಂದು ಹಳ್ಳಿ. ಇಂದು ಮನೆಗಳು ಒತ್ತಾಗಿ ನಿಂತಿರುವ ಬಡಾವಣೆ. ಇಂಥ ಬಡಾವಣೆಯ ದಿನಸಿ ಅಂಗಡಿಯಲ್ಲಿ ನಗದು ವ್ಯಾಪಾರದ ಜೊತೆಗೆ ಉದ್ರಿ ವ್ಯಾಪಾರವೂ ಉಂಟು. ತಿಂಗಳ ಸಂಬಳದವರು ಅಕ್ಕಿ, ಬೇಳೆ, ಎಣ್ಣೆಗಳನ್ನು ಲೆಕ್ಕಕ್ಕೆ ಬರೆಸಿ ಒಯ್ಯುತ್ತಾರೆ. ಸಂಬಳ ಕೈಸೇರಿದಾಗ ಬಾಕಿ ತೀರಿಸುತ್ತಾರೆ. ಎಲ್ಲರೂ ತೀರಿಸುವುದಿಲ್ಲವೆಂಬುದು ಅಂಗಡಿಯವನಿಗೆ ಗೊತ್ತು. ಹಾಗಾದರೆ ಅವನು ತನ್ನ ಲಾಭವನ್ನು ಎಷ್ಟೆಂದು ಬರೆಯಬೇಕು? ಅಂಥ ಒಂದು ಅಂಗಡಿಯನ್ನು ಊಹಿಸಿಕೊಂಡು ಇದನ್ನು ವಿಚಾರಿಸೋಣ.

ಈ ಅಂಗಡಿಯ ಒಂದು ವರ್ಷದ ಮಾರಾಟ 6,00,000 ರೂಪಾಯಿ. ಸರಕಿನ ಅಸಲೂ ಇತರ ಖರ್ಚುಗಳೂ ಸೇರಿ 5,60,000 ರೂಪಾಯಿ. ಮೇಲುನೋಟಕ್ಕೆ ಲಾಭ 40,000. ಆದರೆ ಮಾರ್ಚ್ 31ರಂದು ಗಿರಾಕಿಗಳಿಂದ ಬರಬೇಕಾದ ಬಾಕಿಯೇ 80,000 ರೂಪಾಯಿ ಇದೆ. ವ್ಯಾಪಾರಿಯು 40,000 ರೂಪಾಯಿ ಲಾಭವನ್ನೂ ನಂಬಿ, ಅಷ್ಟನ್ನೂ ಮನೆಯ ಖರ್ಚಿಗೆ ತೆಗೆದನೆನ್ನಿ. ಮುಂದೆ ಬಾಕಿಯಲ್ಲಿ ಒಂದು ಪಾಲು ಮುಳುಗಿದರೆ, ಸಂತೇಪೇಟೆಯ ಸಗಟು ವ್ಯಾಪಾರಿಗೆ ಕೊಡಬೇಕಾದ ಹಣಕ್ಕೆ ಅವನು ಪರದಾಡಬೇಕಾಗುತ್ತದೆ.

ಹಣ ಮುಳುಗಿದ ಮೇಲೆ ನಷ್ಟ ಬರೆದುಕೊಂಡರಾಯಿತಲ್ಲವೇ ಎಂದು ನೀವು ಕೇಳಬಹುದು. ಅಲ್ಲಿಯೇ ತೊಡಕಿರುವುದು. ಉದ್ರಿ ಕೊಟ್ಟದ್ದರಿಂದ ಮಾರಾಟ ಹೆಚ್ಚಿತು. ಆ ಮಾರಾಟದ ಆದಾಯವನ್ನು ಈ ವರ್ಷವೇ ಬರೆದುಕೊಂಡಿದ್ದೇವೆ. ಆ ಉದ್ರಿಯಿಂದಲೇ ಹುಟ್ಟುವ ನಷ್ಟವನ್ನು ಮುಂದಿನ ವರ್ಷಕ್ಕೆ ದೂಡಿದರೆ, ಈ ವರ್ಷದ ಲಾಭ ಉಬ್ಬುತ್ತದೆ, ಮುಂದಿನ ವರ್ಷದ ಲಾಭ ಅಕಾರಣವಾಗಿ ಸೊರಗುತ್ತದೆ. ಒಂದು ವರ್ಷದ ಆದಾಯಕ್ಕೆ ಎದುರಾಗಿ, ಅದನ್ನು ಗಳಿಸಲು ತಗಲಿದ ವೆಚ್ಚವನ್ನು ಅದೇ ವರ್ಷದಲ್ಲಿ ತೋರಿಸಬೇಕೆಂಬುದೇ ಹೊಂದಾಣಿಕೆ ತತ್ತ್ವ. ಯಾವ ಗಿರಾಕಿ ಕೈಕೊಡುವನೆಂದು ಮಾರ್ಚ್ ತಿಂಗಳಲ್ಲಿ ತಿಳಿಯದು. ಆದುದರಿಂದ ನಷ್ಟವನ್ನು ಅಂದಾಜು ಮಾಡಿಯೇ ತೋರಿಸಬೇಕಾಗುತ್ತದೆ. ಈ ಅಂದಾಜಿಗೆ ಸಂಶಯಾಸ್ಪದ ಸಾಲಗಳ ನಿಧಿ ಎಂದು ಹೆಸರು.

ಅಂದಾಜು ಮಾಡುವ ಒಂದು ಕ್ರಮವೆಂದರೆ ಬಾಕಿಗಳ ವಯಸ್ಸನ್ನು ನೋಡುವುದು. ಸಾಲ ಹಳೆಯದಾದಷ್ಟೂ ವಸೂಲಿ ಕಷ್ಟ. ನಮ್ಮ ಅಂಗಡಿಯಲ್ಲಿ ಒಂದು ತಿಂಗಳೊಳಗಿನ ಬಾಕಿ 50,000 ರೂಪಾಯಿ. ಹಿಂದಿನ ವರ್ಷಗಳ ಅನುಭವದಿಂದ ಇದರಲ್ಲಿ ಶೇಕಡ 1 ಮುಳುಗೀತೆಂದು ವ್ಯಾಪಾರಿ ಎಣಿಸುತ್ತಾನೆ. ಒಂದರಿಂದ ಆರು ತಿಂಗಳ ಬಾಕಿ 20,000. ಇದರಲ್ಲಿ ಶೇಕಡ 10. ಆರು ತಿಂಗಳು ದಾಟಿದ 10,000 ರೂಪಾಯಿಯಲ್ಲಿ ಅರ್ಧವೇ ಸಂಶಯ. ಇವು ಕ್ರಮವಾಗಿ 500, 2,000, 5,000. ಒಟ್ಟು 7,500 ರೂಪಾಯಿ. ಇದನ್ನು ವೆಚ್ಚವೆಂದು ಬರೆದಾಗ ಲಾಭ 32,500ಕ್ಕೆ ಇಳಿಯುತ್ತದೆ. ಅಢಾವೆ ಪತ್ರಿಕೆಯಲ್ಲಿ 80,000 ರೂಪಾಯಿ ಬಾಕಿಯಿಂದ ಈ ನಿಧಿಯನ್ನು ಕಳೆದು 72,500 ಎಂದು ತೋರಿಸುತ್ತಾರೆ. ಹೆಸರು ನಿಧಿಯಾದರೂ ಇದು ಪೆಟ್ಟಿಗೆಯಲ್ಲಿ ಎತ್ತಿಟ್ಟ ಹಣವಲ್ಲ. ಪುಸ್ತಕದ ಒಂದು ಬರಹ ಮಾತ್ರ. ಈ ಹೆಸರು ಎಷ್ಟೋ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಿದೆ.

ಮರುವರ್ಷ ಒಂದು ಬಾಡಿಗೆ ಮನೆಯವರು ಹೇಳದೆ ಕೇಳದೆ ಊರು ಬಿಟ್ಟರು. ಅವರಿಂದ ಬರಬೇಕಾಗಿದ್ದ 6,000 ರೂಪಾಯಿ ಹೋಯಿತು. ವ್ಯಾಪಾರಿ ಅದನ್ನು ಆ ವರ್ಷದ ಲಾಭದಿಂದ ಕಳೆಯುವುದಿಲ್ಲ. ಅವರ ಖಾತೆಯಿಂದ ಬಾಕಿಯನ್ನು ತೆಗೆದು, ನಿಧಿಯನ್ನೂ ಅಷ್ಟೇ ಕಡಿಮೆ ಮಾಡುತ್ತಾನೆ. ನಿಧಿಯಲ್ಲಿ 1,500 ಉಳಿಯಿತು. ವರ್ಷಾಂತ್ಯದಲ್ಲಿ ಹೊಸ ಬಾಕಿಗಳನ್ನು ನೋಡಿದಾಗ 8,200 ರೂಪಾಯಿ ನಿಧಿ ಬೇಕೆಂದು ಕಂಡಿತು. ಆಗ ವೆಚ್ಚಕ್ಕೆ ಬರೆಯಬೇಕಾದದ್ದು 6,700 ಮಾತ್ರ. ಪೂರ್ತಿ 8,200 ಬರೆದರೆ ಹಳೆಯ ಅಂದಾಜನ್ನು ಮತ್ತೊಮ್ಮೆ ಎಣಿಸಿದಂತಾಗುತ್ತದೆ.

ಅಂಗಡಿಯವನು ಸರಕನ್ನು ಉದ್ರಿ ಕೊಟ್ಟರೆ ಬ್ಯಾಂಕು ಹಣವನ್ನೇ ಸಾಲ ಕೊಡುತ್ತದೆ. ಅದರ ಕಷ್ಟವೂ ಇದೇ. ಒಂದು ಕಾಲದಲ್ಲಿ ನಮ್ಮ ಬ್ಯಾಂಕುಗಳು ಕೈಗೆ ಬಾರದ ಬಡ್ಡಿಯನ್ನೂ ಆದಾಯವೆಂದು ಬರೆದುಕೊಳ್ಳುತ್ತಿದ್ದುದುಂಟು. 1991ರಲ್ಲಿ ನರಸಿಂಹಂ ಸಮಿತಿಯು ವರದಿ ನೀಡಿದ ಬಳಿಕ, 1992ರಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿತು. ಮೈಸೂರಿನ ಜನರಿಗೆ ಚಿರಪರಿಚಿತವಾಗಿದ್ದ, 1913ರಲ್ಲಿ ಸ್ಥಾಪನೆಯಾಗಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಕೂಡ ಆ ನಿಯಮಗಳಿಗೆ ಒಳಪಟ್ಟಿತ್ತು.

ಅಂದಾಜು ಎಂದಮೇಲೆ ಅದರಲ್ಲಿ ಮನಸ್ಸಿನ ಒಲವು ನುಸುಳುವುದು ಸಹಜ. ಲಾಭ ಹೆಚ್ಚು ಕಾಣಲೆಂದು ನಿಧಿಯನ್ನು ಕುಗ್ಗಿಸುವವರಿದ್ದಾರೆ. ಒಳ್ಳೆಯ ವರ್ಷದಲ್ಲಿ ಅದನ್ನು ಹಿಗ್ಗಿಸಿ, ಕೆಟ್ಟ ವರ್ಷದಲ್ಲಿ ಹಿಂದಕ್ಕೆ ತಂದು ಲಾಭವೆಂದು ತೋರಿಸುವವರೂ ಇದ್ದಾರೆ. ಇದನ್ನು ಕಂಡುಹಿಡಿಯಲು ಪ್ರತಿವರ್ಷದ ನಿಧಿಯನ್ನು, ಮರುವರ್ಷ ನಿಜವಾಗಿ ಮುಳುಗಿದ ಮೊತ್ತದೊಡನೆ ಹೋಲಿಸಿ ನೋಡಬೇಕು. ನಾಲ್ಕಾರು ವರ್ಷ ಒಂದೇ ದಿಕ್ಕಿಗೆ ತಪ್ಪಿದ್ದರೆ ಅದು ಬರಿಯ ಕೈತಪ್ಪಲ್ಲ. ಮಾರಾಟಕ್ಕಿಂತ ಬಾಕಿಯು ವೇಗವಾಗಿ ಬೆಳೆಯುತ್ತಿದ್ದೂ ನಿಧಿ ಇದ್ದಲ್ಲೇ ಇದ್ದರೆ, ಲೆಕ್ಕ ನೋಡುವವರು ಬಾಕಿದಾರರ ಪಟ್ಟಿಯನ್ನು ತರಿಸಿ, ಹೆಸರು ಹೆಸರಾಗಿ ದಿನಾಂಕಗಳನ್ನು ಪರಿಶೀಲಿಸುತ್ತಾರೆ.